ಹೊಸ ಬ್ಲಾಗಿಗೆ ತಕ್ಕ ಹುಡುಕುಪದ

ಯಾವುದೇ ವಿಷಯದ ಬಗ್ಗೆ ಜನ ಗೂಗಲ್‌ನಲ್ಲಿ ಹುಡುಕುವ ಪದಗಳನ್ನೆಲ್ಲ ಬೇಡಿಕೆಯ ಕ್ರಮದಲ್ಲಿ ಒಂದು ನಕ್ಷೆಯ ಮೇಲೆ ಇಟ್ಟರೆ, ಆರಂಭದಲ್ಲಿ ಕೆಲವೇ ಪದಗಳು ಬಹಳ ಎತ್ತರಕ್ಕೆ ಏರಿ ನಿಲ್ಲುತ್ತವೆ. ಆಮೇಲೆ ಗೆರೆ ಕಡಿದಾಗಿ ಇಳಿದು, ನೆಲಕ್ಕೆ ಅಂಟಿಕೊಂಡಂತೆ ಬಹು ದೂರದವರೆಗೆ ಸಾಗುತ್ತದೆ. ಈ ಉದ್ದ ಬಾಲದಲ್ಲಿರುವುದು ತಿಂಗಳಿಗೆ ಹತ್ತೋ ಇಪ್ಪತ್ತೋ ಮಂದಿ ಕೇಳುವ, ಕೆಲವೊಮ್ಮೆ ಒಬ್ಬರೇ ಕೇಳುವ ಅಸಂಖ್ಯ ಸಣ್ಣ ಪ್ರಶ್ನೆಗಳು. 2004ರಲ್ಲಿ ಕ್ರಿಸ್ ಆಂಡರ್ಸನ್ ‘ವೈರ್ಡ್’ ಪತ್ರಿಕೆಯ ಲೇಖನವೊಂದರಲ್ಲಿ, ಕಡಿಮೆ ಮಾರಾಟವಾಗುವ ಪುಸ್ತಕ, ಸಂಗೀತಗಳ ಒಟ್ಟು ವ್ಯಾಪಾರ ಎಷ್ಟು ದೊಡ್ಡದು ಎಂಬುದನ್ನು ವಿವರಿಸಲು ‘ಲಾಂಗ್ ಟೇಲ್’ ಎಂಬ ಹೆಸರನ್ನು ಬಳಸಿದರು. ಅದೇ ಹೆಸರು ಹುಡುಕಾಟದ ಲೋಕಕ್ಕೂ ಬಂದು ನೆಲೆಯಾಯಿತು. ತನ್ನಲ್ಲಿಗೆ ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು ಶೇ. 15ರಷ್ಟು ಹಿಂದೆಂದೂ ಯಾರೂ ಹುಡುಕಿರದಂಥವು ಎಂದು ಗೂಗಲ್ ಹಲವು ಬಾರಿ ಹೇಳಿದೆ. ಬಾಲ ಎಷ್ಟು ಉದ್ದ ಎಂಬುದಕ್ಕೆ ಇದೊಂದು ಅಳತೆ.

ಇಲ್ಲಿ ಉದ್ದವಾಗಿರುವುದು ಬಾಲವೇ ಹೊರತು ಪದವಲ್ಲ. ಇಂತಿಷ್ಟು ಪದಗಳಿಗಿಂತ ಹೆಚ್ಚಿದ್ದರೆ ಲಾಂಗ್ ಟೇಲ್ ಎಂದು ಎಣಿಸುವ ಇಂಗ್ಲಿಷ್ ಕೈಪಿಡಿಗಳ ಸೂತ್ರ ಕನ್ನಡಕ್ಕಂತೂ ಹೊಂದುವುದಿಲ್ಲ. ‘ಕರಿಬೇವಿನಗಿಡಕ್ಕೆ’ ಎಂದು ಪ್ರತ್ಯಯ ಸೇರಿಸಿ ಒಂದೇ ಪದದಂತೆ ಬರೆಯುವವರೂ ಇದ್ದಾರೆ. ಪ್ರಶ್ನೆ ಎಷ್ಟು ನಿರ್ದಿಷ್ಟ, ಅದನ್ನು ಕೇಳುವವರು ಎಷ್ಟು ವಿರಳ ಎಂಬುದರಿಂದ ಅದು ಬಾಲಕ್ಕೆ ಸೇರುತ್ತದೆ.

ಹೊಸ ಬ್ಲಾಗು ಈ ಬಾಲದ ಕಡೆಯಿಂದಲೇ ಆರಂಭಿಸಬೇಕಾದ ಕಾರಣ ಗೂಗಲ್‌ನ ಮೂಲದಲ್ಲೇ ಇದೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಪ್ರಕಟಿಸಿದ ಪೇಜ್‌ರ‍್ಯಾಂಕ್ ವಿಧಾನ, ಒಂದು ಪುಟಕ್ಕೆ ಬೇರೆ ಯಾವ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ನೋಡಿ ಆ ಪುಟದ ತೂಕವನ್ನು ನಿರ್ಧರಿಸುತ್ತಿತ್ತು. ಇಂದು ಗೂಗಲ್ ಇನ್ನೂ ನೂರಾರು ಸಂಗತಿಗಳನ್ನು ಗಮನಿಸುತ್ತದೆ, ಆದರೆ ಕೊಂಡಿಗಳ ಬೆಲೆ ಹೋಗಿಲ್ಲ. ನಿನ್ನೆ ಮೊನ್ನೆ ಆರಂಭವಾದ ಬ್ಲಾಗಿಗೆ ಯಾರೂ ಕೊಂಡಿ ಕೊಟ್ಟಿರುವುದಿಲ್ಲ. ‘ಡೊಮೇನ್ ಅಥಾರಿಟಿ’ ಎಂಬ ಹೆಸರಿನಲ್ಲಿ 100ಕ್ಕೆ ಇಷ್ಟು ಎಂದು ಅಂಕ ಕೊಡುವ ಸಾಧನಗಳಲ್ಲಿ ಅದರ ಅಂಕ ಒಂದರ ಆಸುಪಾಸಿನಲ್ಲಿರುತ್ತದೆ. ಆ ಅಂಕವನ್ನು ಕೊಡುವುದು ಮೊಜ್ ಎಂಬ ಖಾಸಗಿ ಕಂಪನಿ. ಗೂಗಲ್ ಅದನ್ನು ಬಳಸುವುದಿಲ್ಲ, ಆದ್ದರಿಂದ ಅದನ್ನು ಏರಿಸುವುದೇ ಗುರಿಯಾಗಬಾರದು. ಆದರೆ ಅಂಕ ಸೂಚಿಸುವ ವಾಸ್ತವ ಮಾತ್ರ ನಿಜ: ಒಂದೇ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ ಎರಡು ಪುಟಗಳಿದ್ದರೆ, ಹೆಸರಿಲ್ಲದ ಪುಟ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ.

ಹಾಗಿದ್ದರೂ ಸ್ಪರ್ಧೆ ನಡೆಯುವುದು ಪ್ರತಿ ಪ್ರಶ್ನೆಗೂ ಬೇರೆ ಬೇರೆಯಾಗಿ. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ಪುಟ ಎಲ್ಲೂ ಇಲ್ಲದಿದ್ದರೆ ಗೂಗಲ್ ಹತ್ತಿರಹತ್ತಿರದ ಏನನ್ನೋ ತೋರಿಸಿ ಸುಮ್ಮನಾಗುತ್ತದೆ. ಹೊಸ ಬ್ಲಾಗಿಗೆ ಎಡೆ ಸಿಗುವುದು ಅಲ್ಲಿ. ಹುಡುಕುಪದಗಳ ಶೋಧನೆ ಎಂದರೆ ಇಂಥ ಎಡೆಗಳನ್ನು ಬರೆಯುವುದಕ್ಕೆ ಮೊದಲೇ ಗುರುತಿಸುವ ಕೆಲಸ.

ಒಂದು ಉದಾಹರಣೆಯನ್ನು ಹಿಡಿದು ಹೋದರೆ ಕೆಲಸದ ಸ್ವರೂಪ ತಿಳಿಯುತ್ತದೆ. ಬೆಂಗಳೂರಿನ ಮನೆಯೊಂದರ ತಾರಸಿಯಲ್ಲಿ ಗಿಡ ಬೆಳೆಸುವ ಒಬ್ಬರು ಕನ್ನಡದಲ್ಲಿ ಕೈತೋಟದ ಬ್ಲಾಗು ಆರಂಭಿಸಿದ್ದಾರೆ ಎಂದಿಟ್ಟುಕೊಳ್ಳಿ. ‘ಕೈತೋಟ’, ‘ಟೆರೇಸ್ ಗಾರ್ಡನ್’ ಮೊದಲಾದ ಪದಗಳಿಗೆ ದಿನಪತ್ರಿಕೆಗಳ ತಾಣಗಳು, ಯೂಟ್ಯೂಬ್ ವೀಡಿಯೊಗಳು, ಗಿಡ ಮಾರುವ ಅಂಗಡಿಗಳು ಮುಂದೆ ಬರುವುದು ಸಹಜ. ‘ಕರಿಬೇವು’ ಎಂದು ಕಿರಿದು ಮಾಡಿಕೊಂಡರೂ ಕಷ್ಟ ತಪ್ಪದು. ಆ ಪದವನ್ನು ಹುಡುಕುವವರಲ್ಲಿ ಕೂದಲಿಗೆ ಎಣ್ಣೆ ಕಾಯಿಸುವವರಿದ್ದಾರೆ, ಚಟ್ನಿಪುಡಿ ಮಾಡುವವರಿದ್ದಾರೆ, ಸಕ್ಕರೆ ಕಾಯಿಲೆಗೆ ಮದ್ದು ಹುಡುಕುವವರಿದ್ದಾರೆ. ಇಷ್ಟು ಬೇರೆ ಬೇರೆ ಉದ್ದೇಶಗಳು ಒಂದೇ ಪದದೊಳಗೆ ಇರುವಾಗ ಗಿಡದ ಬಗ್ಗೆ ಬರೆದ ಪುಟ ಯಾರಿಗೂ ಸರಿಯಾಗಿ ತಲುಪುವುದಿಲ್ಲ. ‘ಪಾಟ್‌ನಲ್ಲಿರುವ ಕರಿಬೇವಿನ ಎಲೆ ಹಳದಿ ಆಗ್ತಿದೆ’ ಎಂಬಲ್ಲಿಗೆ ಬಂದಾಗ ಮಾತ್ರ ಕೇಳುವವರು ಯಾರು, ಅವರಿಗೆ ಬೇಕಾದದ್ದೇನು ಎಂಬುದು ಸ್ಪಷ್ಟವಾಗುತ್ತದೆ.

ಇಂಥ ಪ್ರಶ್ನೆಗಳನ್ನು ಕಲೆಹಾಕುವುದು ಮೊದಲ ಹಂತ. ಇದಕ್ಕೆ ದುಡ್ಡು ಕೊಟ್ಟು ಕೊಳ್ಳುವ ಸಾಧನ ಬೇಕಿಲ್ಲ. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಕರಿಬೇವಿನ ಗಿಡ’ ಎಂದು ಬರೆದು ನಿಲ್ಲಿಸಿದರೆ ಕೆಳಗೆ ಸಲಹೆಗಳ ಪಟ್ಟಿ ತೆರೆಯುತ್ತದೆ. ಅವು ಬಹುಪಾಲು ನಿಜವಾಗಿ ಜನ ಹುಡುಕಿದ ಮಾತುಗಳಿಂದ ಬಂದವು. ಆ ಪದದ ಮುಂದೆ ಅ, ಎ, ಕ, ಗ, ಮ ಎಂದು ಒಂದೊಂದೇ ಅಕ್ಷರ ಸೇರಿಸುತ್ತ ಹೋದರೆ ಪಟ್ಟಿ ಪ್ರತಿ ಬಾರಿಯೂ ಬದಲಾಗುತ್ತದೆ. ‘ಏಕೆ’, ‘ಹೇಗೆ’, ‘ಎಷ್ಟು’, ‘ಯಾವಾಗ’, ‘ಏನು ಮಾಡಬೇಕು’ ಎಂಬ ಪ್ರಶ್ನಾರ್ಥಕಗಳನ್ನು ಸೇರಿಸಿದರೆ ಇನ್ನಷ್ಟು ಸಿಗುತ್ತವೆ. ತನ್ನ ಹಳೆಯ ಹುಡುಕಾಟದ ನೆರಳು ಬೀಳದಂತೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಈ ಕೆಲಸ ಮಾಡುವುದು ಒಳ್ಳೆಯದು. ಫಲಿತಾಂಶ ಪುಟದ ನಡುವೆ ಬರುವ ‘ಜನರು ಕೇಳುವ ಇತರ ಪ್ರಶ್ನೆಗಳು’ ಮತ್ತು ಪುಟದ ತಳದಲ್ಲಿರುವ ಸಂಬಂಧಿತ ಹುಡುಕಾಟಗಳೂ ಇದೇ ಬಗೆಯ ಆಕರಗಳು, ಕನ್ನಡದಲ್ಲಿ ಅವು ಎಲ್ಲ ಬಾರಿಯೂ ಕಾಣಿಸದಿದ್ದರೂ.

ಗೂಗಲ್‌ನ ಹೊರಗೆ ಇನ್ನೂ ಶ್ರೀಮಂತವಾದ ಆಕರವೊಂದಿದೆ. ಕೈತೋಟದ ಕನ್ನಡ ವೀಡಿಯೊಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಜನ ತಮ್ಮ ತೊಂದರೆಯನ್ನು ತಮ್ಮದೇ ಮಾತಿನಲ್ಲಿ ಹೇಳಿಕೊಂಡಿರುತ್ತಾರೆ: ಗಿಡ ತಂದು ವರ್ಷವಾದರೂ ಚಿಗುರಿಲ್ಲ, ಹುಳಿ ಮಜ್ಜಿಗೆ ಎಷ್ಟು ದಿನಕ್ಕೊಮ್ಮೆ ಹಾಕಬೇಕು, ಹಸಿರು ಹುಳ ಎಲೆಯನ್ನೆಲ್ಲ ತಿಂದುಬಿಟ್ಟಿದೆ. ನರ್ಸರಿಯಲ್ಲಿ ಗಿರಾಕಿಗಳು ಕೇಳುವುದೂ ಇವನ್ನೇ. ಒಂದೇ ಪ್ರಶ್ನೆಯನ್ನು ಮೂರು ನಾಲ್ಕು ಕಡೆ ಬೇರೆ ಬೇರೆ ಜನ ಕೇಳಿದ್ದರೆ, ಯಾವ ಸಾಧನವೂ ಅಂಕಿ ತೋರಿಸದಿದ್ದರೂ ಅದಕ್ಕೆ ಬೇಡಿಕೆ ಇದೆ ಎಂದೇ ತಿಳಿಯಬೇಕು.

ಪಟ್ಟಿಗೆ ಬರೆದುಕೊಳ್ಳುವಾಗ ಜನರ ಮಾತನ್ನು ತಿದ್ದಬಾರದು. ಪುಸ್ತಕದಲ್ಲಿ ‘ಕುಂಡ’ ಎಂದಿರುವುದನ್ನು ಪೇಟೆಯವರು ‘ಪಾಟ್’ ಎನ್ನುತ್ತಾರೆ. ಕರಿಬೇವನ್ನೇ ‘ಒಗ್ಗರಣೆ ಸೊಪ್ಪು’ ಎನ್ನುವ ಊರುಗಳಿವೆ. ಟೊಮೆಟೊ, ಟೊಮ್ಯಾಟೊ, ಟೊಮಾಟೊ ಎಂಬ ಮೂರು ಬರಹಗಳೂ ಚಾಲ್ತಿಯಲ್ಲಿವೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಲಿಪಿಯದು. ಫೋನಿನಲ್ಲಿ ಕನ್ನಡ ಕೀಲಿಮಣೆ ಇಟ್ಟುಕೊಂಡವರು ಕನ್ನಡ ಲಿಪಿಯಲ್ಲಿ ಹುಡುಕುತ್ತಾರೆ. ಮೈಕಿನ ಗುರುತು ಒತ್ತಿ ಮಾತಾಡುವವರ ಪ್ರಶ್ನೆ ಪೂರ್ತಿ ವಾಕ್ಯವಾಗಿ, ಆಡುಮಾತಿನಲ್ಲೇ ಬರುತ್ತದೆ. ಇನ್ನು ಅನೇಕರು karibevu gida ele haladi ಎಂದೋ, curry leaves plant yellow leaves in kannada ಎಂದೋ ಬರೆಯುತ್ತಾರೆ. ಈ ನಾಲ್ಕೂ ಒಂದೇ ಸಂಕಟದ ನಾಲ್ಕು ರೂಪಗಳು. ಆದರೆ ಗೂಗಲ್ ಪ್ರತಿಯೊಂದಕ್ಕೂ ಬೇರೆ ಫಲಿತಾಂಶಗಳನ್ನು ಕೊಡಬಹುದು. ಆದ್ದರಿಂದ ನಾಲ್ಕನ್ನೂ ಪಟ್ಟಿಯಲ್ಲಿ ಅಕ್ಕಪಕ್ಕ ಬರೆದು, ನಾಲ್ಕನ್ನೂ ಹುಡುಕಿ ನೋಡಬೇಕು.

ಪಟ್ಟಿ ಸಿದ್ಧವಾದ ಮೇಲೆ ಹೊಸಬರು ಸಾಮಾನ್ಯವಾಗಿ ಅಂಕಿಗಳ ಬೆನ್ನು ಹತ್ತುತ್ತಾರೆ, ಮತ್ತು ದಾರಿ ತಪ್ಪುವುದು ಇಲ್ಲಿಯೇ. ಗೂಗಲ್‌ನ ಕೀವರ್ಡ್ ಪ್ಲ್ಯಾನರ್ ಇರುವುದು ಜಾಹೀರಾತುದಾರರಿಗಾಗಿ. ಜಾಹೀರಾತಿಗೆ ಹಣ ಹಾಕದವರಿಗೆ ಅದು ತಿಂಗಳ ಹುಡುಕಾಟವನ್ನು 10ರಿಂದ 100, 100ರಿಂದ 1,000 ಎಂಬಂಥ ಅಗಲವಾದ ಅಂತರಗಳಲ್ಲಿ ಮಾತ್ರ ತೋರಿಸುತ್ತದೆ. ಹತ್ತಿರದ ಅರ್ಥದ ಪದಗಳನ್ನು ಒಟ್ಟುಗೂಡಿಸುತ್ತದೆ. ತೀರ ವಿರಳವಾದ ಪ್ರಶ್ನೆಗಳಿಗೆ ಏನನ್ನೂ ತೋರಿಸುವುದಿಲ್ಲ. ಕನ್ನಡ ಪ್ರಶ್ನೆಗಳ ಬಹುಪಾಲಿಗೆ ಸಿಗುವ ಉತ್ತರ ಸೊನ್ನೆ. ಈ ಸೊನ್ನೆಯ ಅರ್ಥ ಅಳೆಯಲಾಗಲಿಲ್ಲ ಎಂದಷ್ಟೇ, ಯಾರೂ ಕೇಳುತ್ತಿಲ್ಲ ಎಂದಲ್ಲ.

ಸ್ಪರ್ಧೆಯ ಕಷ್ಟವನ್ನು ಅಳೆಯುವ ಅಂಕವೂ ಅಷ್ಟೇ. ಅಹ್ರೆಫ್ಸ್‌ನಂಥ ಸಾಧನ ಒಂದು ಪದಕ್ಕೆ ಕೊಡುವ ಕಷ್ಟದ ಅಂಕ, ಮೊದಲ ಹತ್ತು ಫಲಿತಾಂಶಗಳಿಗೆ ಎಷ್ಟು ತಾಣಗಳಿಂದ ಕೊಂಡಿ ಬಂದಿದೆ ಎಂಬುದರ ಮೇಲೆ ನಿಂತಿದೆ. ಆ ಹತ್ತು ಪುಟಗಳು ಪ್ರಶ್ನೆಗೆ ಉತ್ತರಿಸಿವೆಯೇ ಎಂಬುದನ್ನು ಅದು ಓದಿ ಹೇಳಲಾರದು. ಹೊಸ ಬ್ಲಾಗಿಗೆ ಬೇಕಾದ ಮಾಹಿತಿ ನಿಖರವಾಗಿ ಅದೇ, ಮತ್ತು ಅದನ್ನು ಕಂಡುಕೊಳ್ಳಲು ಇರುವುದು ಒಂದೇ ಮಾರ್ಗ: ಫಲಿತಾಂಶ ಪುಟವನ್ನು ತೆರೆದು, ಹತ್ತು ಪುಟಗಳನ್ನೂ ಕಣ್ಣಾರೆ ಓದುವುದು. ಇಡೀ ಶೋಧನೆಯಲ್ಲಿ ಹೆಚ್ಚು ಹೊತ್ತು ಸಲ್ಲಬೇಕಾದ ಭಾಗ ಇದು.

ಎಡೆ ಇದೆ ಎಂಬುದಕ್ಕೆ ಕೆಲವು ಗುರುತುಗಳಿವೆ. ಎಲೆ ಹಳದಿಯಾಗುವ ಪ್ರಶ್ನೆಗೆ ‘ಕರಿಬೇವಿನ 10 ಉಪಯೋಗಗಳು’ ಎಂಬ ಲೇಖನ ಮೇಲೆ ಬಂದಿದ್ದರೆ, ಸರಿಯಾದ ಉತ್ತರ ಸಿಗದೆ ಗೂಗಲ್ ತಡಕಾಡುತ್ತಿದೆ ಎಂದರ್ಥ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷ್ ಪುಟಗಳು ಬಂದಿದ್ದರೆ, ಪ್ರಶ್ನೋತ್ತರ ತಾಣದ ಎರಡು ಸಾಲಿನ ಉತ್ತರವೋ ಫೇಸ್‌ಬುಕ್ ಗುಂಪಿನ ಹಳೆಯ ಸಂದೇಶವೋ ಮೊದಲ ಐದರಲ್ಲಿ ಇದ್ದರೆ ಅದೂ ಇಂಥದೇ ಸೂಚನೆ. ಎಲ್ಲಕ್ಕಿಂತ ಧೈರ್ಯ ಕೊಡುವ ಗುರುತು, ತನ್ನಷ್ಟೇ ಚಿಕ್ಕದಾದ ಮತ್ತೊಂದು ಬ್ಲಾಗು ಮೊದಲ ಪುಟದಲ್ಲಿ ಕಾಣಿಸುವುದು. ಅಲ್ಲಿ ಹೆಸರಿಲ್ಲದವರಿಗೂ ಜಾಗವಿದೆ ಎಂಬುದು ಆಗಲೇ ಸಾಬೀತಾದಂತೆ. ಶೀರ್ಷಿಕೆಯಲ್ಲೇ ಆ ಪದಗಳಿರುವ ಪುಟಗಳು ಇವೆಯೇ ಎಂದು ನೋಡಲು ಹುಡುಕು ಪೆಟ್ಟಿಗೆಯಲ್ಲಿ ಹೀಗೆ ಬರೆಯಬಹುದು:

```
allintitle: ಕರಿಬೇವಿನ ಎಲೆ ಹಳದಿ
```

ಬೆರಳೆಣಿಕೆಯಷ್ಟೇ ಫಲಿತಾಂಶ ಬಂದರೆ ಆ ಪ್ರಶ್ನೆಗೆಂದೇ ಬರೆದ ಪುಟಗಳು ಕಡಿಮೆ. ಗೂಗಲ್ ತೋರಿಸುವ ಒಟ್ಟು ಎಣಿಕೆ ಅಂದಾಜಿನದು, ಹಾಗಾಗಿ ಎಣಿಕೆಯನ್ನು ನಂಬದೆ ಬಂದ ಪುಟಗಳನ್ನು ನೋಡಬೇಕು.

ಹಿಂದೆ ಸರಿಯಬೇಕಾದ ಸಂದರ್ಭಗಳೂ ಇದೇ ಪುಟದಲ್ಲಿ ಕಾಣುತ್ತವೆ. ಮೊದಲ ಪರದೆಯಷ್ಟೂ ವೀಡಿಯೊಗಳೇ ತುಂಬಿದ್ದರೆ ಜನ ನೋಡಬಯಸುತ್ತಾರೆ, ಓದಬಯಸುವುದಿಲ್ಲ ಎಂದು ಗೂಗಲ್ ಕಂಡುಕೊಂಡಿರಬಹುದು. ಕಸಿ ಕಟ್ಟುವುದು, ಗಿಡವನ್ನು ಬೇರೆ ಪಾಟಿಗೆ ಬದಲಿಸುವುದು ಇಂಥ ವಿಷಯಗಳು. ಉತ್ತರ ಒಂದೇ ಸಾಲಿನದಾಗಿದ್ದು ಫಲಿತಾಂಶ ಪುಟದ ನೆತ್ತಿಯಲ್ಲೇ ದೊರೆಯುತ್ತಿದ್ದರೆ ಕೊಂಡಿ ಒತ್ತಿ ಒಳಗೆ ಬರುವವರು ಕಡಿಮೆ. ಕೊಳ್ಳುವ ಉದ್ದೇಶದ ಹುಡುಕಾಟಕ್ಕೆ ಅಂಗಡಿಗಳೇ ಬರುತ್ತವೆ. ಇವುಗಳಲ್ಲಿ ಹೊಸ ಬ್ಲಾಗು ಶ್ರಮ ಹಾಕುವುದು ವ್ಯರ್ಥ.

ಮುಂದಿನ ತೀರ್ಮಾನ, ಯಾವ ಪ್ರಶ್ನೆಗಳು ಒಂದು ಪುಟದಲ್ಲಿ ಸೇರಬೇಕು, ಯಾವುದಕ್ಕೆ ಬೇರೆ ಪುಟ ಬೇಕು ಎಂಬುದು. ಇದಕ್ಕೂ ಫಲಿತಾಂಶ ಪುಟವೇ ಅಳತೆಗೋಲು. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಹುಡುಕಿದಾಗ ಮೊದಲ ಹತ್ತರಲ್ಲಿ ಹೆಚ್ಚಿನವು ಅವೇ ಪುಟಗಳಾಗಿದ್ದರೆ ಗೂಗಲ್ ಅವನ್ನು ಒಂದೇ ಪ್ರಶ್ನೆ ಎಂದು ತಿಳಿದಿದೆ. ಕನ್ನಡದಲ್ಲಿ ಪುಟಗಳೇ ವಿರಳವಾದ್ದರಿಂದ ಈ ಪರೀಕ್ಷೆ ಕೆಲವೊಮ್ಮೆ ಮೋಸ ಮಾಡುತ್ತದೆ: ಬೇರೆ ಪುಟವಿಲ್ಲದೆ ಗೂಗಲ್ ಅವನ್ನೇ ತೋರಿಸುತ್ತಿರಬಹುದು. ಆಗ ವಿಷಯಜ್ಞಾನವನ್ನು ನೆಚ್ಚಬೇಕು. ಎಲೆ ಹಳದಿಯಾಗುವುದಕ್ಕೂ ಹಸಿರು ಹುಳಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಹುಳ ಎಂದರೆ ಸಾಮಾನ್ಯವಾಗಿ ನಿಂಬೆ ಗಿಡಕ್ಕೂ ಬರುವ ಚಿಟ್ಟೆಯ ಮರಿ. ಅದಕ್ಕೆ ಬೇರೆ ಪುಟವೇ ಬೇಕು. ಆದರೆ ‘ಎಲೆ ಹಳದಿ ಏಕೆ’, ‘ಎಲೆ ಹಳದಿಯಾದರೆ ಏನು ಮಾಡಬೇಕು’, ‘karibevu yellow’ ಎಂಬುವಕ್ಕೆ ಒಂದೇ ಪುಟ ಸಾಕು.

ಪ್ರತಿ ಕಾಗುಣಿತಕ್ಕೂ ಪ್ರತಿ ಊರಿನ ಹೆಸರಿಗೂ ಒಂದೊಂದು ಪುಟ ಮಾಡಿ ನೂರು ಪುಟ ತುಂಬಿಸುವ ಚಾಳಿಯನ್ನು ಇಲ್ಲಿ ಕಟುವಾಗಿಯೇ ಅಲ್ಲಗಳೆಯಬೇಕು. 2011ರ ಪಾಂಡಾ ಬದಲಾವಣೆಯಿಂದಲೇ ಗೂಗಲ್ ಹುರುಳಿಲ್ಲದ ಪುಟಗಳನ್ನು ಕೆಳಗಿಳಿಸುತ್ತ ಬಂದಿದೆ. 2024ರ ಮಾರ್ಚ್‌ನಲ್ಲಿ, ಓದುಗರಿಗೆ ನೆರವಾಗದ ಪುಟಗಳನ್ನು ರಾಶಿಯಾಗಿ ತಯಾರಿಸುವುದನ್ನು ಯಾವ ವಿಧಾನದಿಂದ ಮಾಡಿದರೂ ಅದು ಸ್ಪ್ಯಾಮ್ ಎಂದು ನಿಯಮದಲ್ಲೇ ಬರೆಯಿತು. ಅಂಥ ಪುಟಗಳು ಒಂದಕ್ಕೊಂದು ಪೈಪೋಟಿಗಿಳಿದು, ಯಾವುದೂ ಮೇಲೆ ಬರದಂತೆ ಆಗುವ ತೊಂದರೆಯೂ ಇದೆ.

ಹೀಗೆ ಆರಿಸಿಕೊಂಡ ಪ್ರಶ್ನೆಯನ್ನು ಶೀರ್ಷಿಕೆಯಲ್ಲಿ ಜನರ ಮಾತಿನಲ್ಲೇ ಇಡಬೇಕು. ‘ಪಾಟ್‌ನಲ್ಲಿ ಬೆಳೆದ ಕರಿಬೇವಿನ ಗಿಡದ ಎಲೆ ಹಳದಿ ಆಗುವುದು ಏಕೆ?’ ಎಂಬುದು ‘ಹಸಿರು ಸಿರಿಯ ಅಳಲು’ ಎಂಬುದಕ್ಕಿಂತ ಎಷ್ಟೋ ಪಾಲು ಕೆಲಸಕ್ಕೆ ಬರುತ್ತದೆ. ವಿಳಾಸದ ಕೊನೆಯ ಭಾಗವನ್ನು karibevu-ele-haladi ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟರೆ ವಾಟ್ಸ್ಯಾಪ್‌ನಲ್ಲಿ ಹಂಚುವಾಗ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಒಡೆಯುವುದಿಲ್ಲ. ‘ಕುಂಡ’, ‘ಒಗ್ಗರಣೆ ಸೊಪ್ಪು’, ಇಂಗ್ಲಿಷ್ ಹೆಸರು ಮೊದಲಾದ ಇತರ ರೂಪಗಳು ಬರಹದ ಒಳಗೆ ಸಹಜವಾಗಿ ಒಮ್ಮೊಮ್ಮೆ ಬಂದರೆ ಸಾಕು. ಉತ್ತರ ಮೊದಲ ಪ್ಯಾರಾದಲ್ಲೇ ಇರಬೇಕು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣಾಂಶದ ಕೊರತೆ, ಬುಡದ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ, ಮಣ್ಣು ಸದಾ ಒದ್ದೆಯಿದ್ದು ಇಡೀ ಗಿಡ ಸೊರಗಿದ್ದರೆ ಪಾಟಿನ ತೂತು ಕಟ್ಟಿಕೊಂಡಿರುವ ಸಂಭವ. ಗಡಸಾದ ಬೋರ್‌ವೆಲ್ ನೀರನ್ನು ಬಹುಕಾಲ ಹಾಕಿದರೆ ಮಣ್ಣು ಕ್ಷಾರವಾಗಿ, ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಇಷ್ಟು ಬಿಡಿಸಿ ಹೇಳುವ ಪುಟ, ಎರಡು ಸ್ವಂತ ಫೋಟೊಗಳ ಜೊತೆ, ‘ಸರಿಯಾಗಿ ನೀರು, ಗೊಬ್ಬರ ಹಾಕಿ’ ಎಂದು ಮುಗಿಸುವ ದೊಡ್ಡ ತಾಣದ ಪುಟವನ್ನು ಮೀರಿಸಬಲ್ಲದು.

ಪ್ರಕಟಿಸಿದ ಮೇಲೆ ಶೋಧನೆಯ ಎರಡನೆಯ ಅರ್ಧ ಆರಂಭವಾಗುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಗೆ ಬ್ಲಾಗನ್ನು ಜೋಡಿಸಿದರೆ, ಯಾವ ಹುಡುಕಾಟಕ್ಕೆ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬುದು ತಿಳಿಯುತ್ತದೆ. ಕೀವರ್ಡ್ ಪ್ಲ್ಯಾನರ್ ಸೊನ್ನೆ ಎಂದಿದ್ದ ಪ್ರಶ್ನೆಗಳು ಇಲ್ಲಿ ಜೀವಂತವಾಗಿ ಕಾಣುತ್ತವೆ. ಅತಿ ವಿರಳ ಪ್ರಶ್ನೆಗಳನ್ನು ಹುಡುಕಿದವರ ಗುರುತು ಸಿಗಬಾರದೆಂದು ಗೂಗಲ್ ಮರೆಮಾಡುವುದರಿಂದ, ಪಟ್ಟಿಯಲ್ಲಿರುವ ಕ್ಲಿಕ್ಕುಗಳನ್ನು ಕೂಡಿದರೆ ಒಟ್ಟು ಮೊತ್ತಕ್ಕಿಂತ ಕಡಿಮೆ ಬರುತ್ತದೆ. ಪಟ್ಟಿಯಿಂದ ಪ್ರಶ್ನೆಗಳನ್ನಷ್ಟೇ ಸೋಸಲು, ಪ್ರಶ್ನೆಯ ಫಿಲ್ಟರಿನಲ್ಲಿ ರೆಜೆಕ್ಸ್ ಆಯ್ಕೆ ಮಾಡಿ ಹೀಗೆ ಬರೆಯಬಹುದು:

```
ಏಕೆ|ಯಾಕೆ|ಹೇಗೆ|ಎಷ್ಟು|ಯಾವಾಗ|yake|hege|eshtu
```

ಈ ವರದಿಯನ್ನು ಓದುವ ಬಗೆ ಹೀಗೆ. ವಾರಗಳು ಕಳೆದರೂ ಪುಟ ಒಮ್ಮೆಯೂ ಕಾಣಿಸಿಕೊಂಡಿಲ್ಲವಾದರೆ ಅದು ಗೂಗಲ್‌ನ ಸೂಚಿಗೆ ಸೇರಿದೆಯೇ ಎಂಬುದನ್ನು ಅಲ್ಲಿನ ಯುಆರ್‌ಎಲ್ ಪರಿಶೀಲನೆಯಲ್ಲಿ ನೋಡಬೇಕು. ಹೊಸ ತಾಣಗಳ ಪುಟಗಳನ್ನು ಗೂಗಲ್ ನೋಡಿಯೂ ಸೂಚಿಗೆ ಸೇರಿಸದೆ ಬಿಡುವುದು ಸಾಮಾನ್ಯ. ಸೂಚಿಯಲ್ಲಿಲ್ಲದ ಪುಟಕ್ಕೆ ಹುಡುಕುಪದ ಬದಲಿಸಿ ಪ್ರಯೋಜನವಿಲ್ಲ. ಬ್ಲಾಗಿನ ಇತರ ಪುಟಗಳಿಂದ ಅದಕ್ಕೆ ಕೊಂಡಿ ಕೊಟ್ಟು, ಬರಹವನ್ನು ಗಟ್ಟಿಗೊಳಿಸಬೇಕು. ಪುಟ ಕಾಣಿಸುತ್ತಿದ್ದು ಸ್ಥಾನ 40, 50ರಲ್ಲಿದ್ದರೆ ಆರಿಸಿದ ಪ್ರಶ್ನೆ ಬ್ಲಾಗಿನ ಶಕ್ತಿಗೆ ಮೀರಿದ್ದು, ಇನ್ನೂ ಕಿರಿದು ಮಾಡಬೇಕು. ಮೊದಲ ಹತ್ತರೊಳಗೆ ಇದ್ದೂ ಯಾರೂ ಒತ್ತುತ್ತಿಲ್ಲವಾದರೆ ದೋಷ ಶೀರ್ಷಿಕೆಯಲ್ಲಿರಬಹುದು.

ಹೆಚ್ಚು ಫಲ ಕೊಡುವುದು 8ರಿಂದ 20ರ ನಡುವಿನ ಸಾಲುಗಳು. ಕರಿಬೇವಿನ ಹಳದಿ ಎಲೆಯ ಪುಟ, ತಾನು ಒಂದೇ ಸಾಲಿನಲ್ಲಿ ಪ್ರಸ್ತಾಪಿಸಿದ ‘ಚಳಿಗಾಲದಲ್ಲಿ ಕರಿಬೇವು ಚಿಗುರುವುದಿಲ್ಲ ಯಾಕೆ’ ಎಂಬುದಕ್ಕೆ 14ನೆಯ ಸ್ಥಾನದಲ್ಲಿ ಕಾಣಿಸುತ್ತಿದೆ ಎಂದುಕೊಳ್ಳೋಣ. ಒಂದು ಸಾಲಿಗೇ ಗೂಗಲ್ ಅಷ್ಟು ಮೇಲೆ ತಂದಿದೆ ಎಂದರೆ ಅಲ್ಲಿ ಪೈಪೋಟಿ ಇಲ್ಲ. ಅದಕ್ಕೊಂದು ಸ್ವತಂತ್ರ ಪುಟ ಬರೆದು ಎರಡನ್ನೂ ಪರಸ್ಪರ ಕೊಂಡಿಯಿಂದ ಬೆಸೆದರೆ ಎರಡೂ ಮೇಲೇರುವ ಸಾಧ್ಯತೆ ಇದೆ. ಹೀಗೆ ಒಂದು ಗಿಡದ ಸುತ್ತ ಎಂಟು ಹತ್ತು ಪುಟಗಳು ಬೆಳೆದ ಮೇಲೆ ‘ಪಾಟ್‌ನಲ್ಲಿ ಕರಿಬೇವು ಬೆಳೆಸುವುದು ಹೇಗೆ’ ಎಂಬ ತುಸು ದೊಡ್ಡ ಪ್ರಶ್ನೆಗೆ ಕೈಹಾಕಬಹುದು. ಐದು ಬೇರೆ ಬೇರೆ ಗಿಡಗಳ ಬಗ್ಗೆ ಎರಡೆರಡು ಪುಟ ಬರೆಯುವುದಕ್ಕಿಂತ ಈ ಕ್ರಮ ಲೇಸು.

ವಿಧಾನಕ್ಕೆ ಮಿತಿಗಳಿವೆ. ಒಂದೊಂದು ಪುಟಕ್ಕೆ ತಿಂಗಳಿಗೆ 20 ಓದುಗರು ಬಂದರೆ 30 ಪುಟಗಳಿಗೆ 600 ಮಂದಿ ಆದರು. ಜಾಹೀರಾತಿನ ಆದಾಯದಿಂದ ಬದುಕಲು ಇದು ಏನೇನೂ ಸಾಲದು, ಆದರೆ ಆ ಓದುಗರು ಅದೇ ಉತ್ತರ ಹುಡುಕಿ ಬಂದವರು. ಫಲ ಕಾಣಲು ತಿಂಗಳುಗಳು ಬೇಕು, ಒಂದು ವಾರದ ಅಂಕಿ ನೋಡಿ ಪುಟವನ್ನು ಅಳಿಸುವುದು ತಪ್ಪು. ಗಿಡಗಳ ಪ್ರಶ್ನೆಗಳಿಗೆ ಋತುವೂ ಸೇರುತ್ತದೆ. ಚಳಿಗಾಲದ ಪ್ರಶ್ನೆಗೆ ಏಪ್ರಿಲ್‌ನಲ್ಲಿ ಓದುಗರು ಸಿಗುವುದಿಲ್ಲ, ಅದನ್ನು ಬರೆದು ಮುಗಿಸಬೇಕಾದದ್ದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಈ ವರ್ಷದ ಚಳಿಗಾಲವನ್ನು ಹೋದ ವರ್ಷದ್ದರೊಡನೆ ಹೋಲಿಸಿ ನೋಡಲು ಹಳೆಯ ಅಂಕಿಗಳು ಬೇಕಾಗುತ್ತವೆ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಜೋಡಣೆಯಾಗುವ ಮೊದಲಿನ ಮಾಹಿತಿಯನ್ನು ಪೂರ್ತಿಯಾಗಿ ಕೊಡುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಬ್ಲಾಗು ಆರಂಭಿಸಿದ ದಿನವೇ ಅದನ್ನು ಜೋಡಿಸಿ, ವರ್ಷಕ್ಕೊಮ್ಮೆಯಾದರೂ ವರದಿಯನ್ನು ಇಳಿಸಿ ಇಟ್ಟುಕೊಳ್ಳಬೇಕು.